ರಿಜಿಸ್ಟರ್ಡ್ ಪೋಸ್ಟ್ ಅಥವಾ ಕೊರಿಯರ್ ಮೂಲಕವೇ ನೋಟಿಸ್ ಕೊಡಬೇಕೆನ್ನುವ ಲಿಫ್ಟ್ ಒಪ್ಪಂದ: ಈಗ ಯಾವ ರೀತಿ ಕಳುಹಿಸಬೇಕು?

ವಿಜಯನಗರದ ಕಾರ್ಯದರ್ಶಿ | 5 ಜನವರಿ 2026

ಎಲ್ಲರಿಗೂ ನಮಸ್ಕಾರ. ಮೈಸೂರಿನ ವಿಜಯನಗರದಲ್ಲಿರುವ ನಮ್ಮ ಅಪಾರ್ಟ್‌ಮೆಂಟ್‌ನ ನಿವಾಸಿಗಳ ಸಂಘಕ್ಕೆ ನಾನು ಕಳೆದ ವರ್ಷದಿಂದ ಕಾರ್ಯದರ್ಶಿಯಾಗಿದ್ದೇನೆ. ನಮ್ಮ ಎರಡು ಲಿಫ್ಟ್‌ಗಳ ನಿರ್ವಹಣೆಯನ್ನು ಹಿಂದಿನ ಸಮಿತಿಯವರು ಬೆಂಗಳೂರಿನ ಒಂದು ಕಂಪನಿಗೆ ಮೂರು ವರ್ಷಕ್ಕೆ ಒಪ್ಪಿಸಿದ್ದರು. ಆ ಅವಧಿ 31-3-2026ಕ್ಕೆ ಮುಗಿಯುತ್ತದೆ. ಮುಂದುವರಿಸುವುದು ಬೇಡವೆಂದು ಡಿಸೆಂಬರ್ ಸಭೆಯಲ್ಲಿ ತೀರ್ಮಾನವಾಗಿದೆ.

ಒಪ್ಪಂದದ 14ನೇ ಷರತ್ತಿನ ಪ್ರಕಾರ, ಅವಧಿ ಮುಗಿಯುವುದಕ್ಕೆ 60 ದಿನಗಳಿಗೆ ಕಡಿಮೆಯಾಗದಂತೆ ಮುಂಚಿತವಾಗಿ ಲಿಖಿತ ನೋಟಿಸ್ ಕೊಡದೆ ಹೋದರೆ ಅದು ತಾನಾಗಿಯೇ ಇನ್ನೂ ಮೂರು ವರ್ಷಕ್ಕೆ ನವೀಕರಣವಾಗುತ್ತದೆ. 19ನೇ ಷರತ್ತಿನಲ್ಲಿ, ನೋಟಿಸನ್ನು ಸ್ವೀಕೃತಿ ಪತ್ರ ಸಹಿತವಾದ ರಿಜಿಸ್ಟರ್ಡ್ ಪೋಸ್ಟ್ ಅಥವಾ ಹೆಸರಾಂತ ಕೊರಿಯರ್ ಮೂಲಕ ಒಪ್ಪಂದದಲ್ಲಿ ನಮೂದಿಸಿದ ವಿಳಾಸಕ್ಕೆ ಕಳುಹಿಸತಕ್ಕದ್ದೆಂದೂ, ತಲುಪಿದ ದಿನದಿಂದ ಅದು ಜಾರಿಗೆ ಬರುತ್ತದೆಂದೂ ಇದೆ.

ನನಗೆ ಎರಡು ತೊಡಕುಗಳು ಎದುರಾಗಿವೆ. ಮೊದಲನೆಯದು, ಅಂಚೆ ಕಚೇರಿಯ ಕೌಂಟರಿನಲ್ಲಿ ವಿಚಾರಿಸಿದಾಗ ರಿಜಿಸ್ಟರ್ಡ್ ಪೋಸ್ಟ್ ಈಗ ಇಲ್ಲ, ಸ್ಪೀಡ್ ಪೋಸ್ಟ್ ಮಾತ್ರ ಎಂದರು. ಎರಡನೆಯದು, ಕಂಪನಿಯ ಮೈಸೂರು ಶಾಖೆಯ ಸರ್ವಿಸ್ ಮ್ಯಾನೇಜರ್ ಬಹಳ ಸೌಜನ್ಯದಿಂದ, "ಅದೆಲ್ಲಾ ಯಾಕೆ ಸರ್, ವಾಟ್ಸಾಪ್‌ನಲ್ಲಿ ಒಂದು ಪತ್ರ ಹಾಕಿಬಿಡಿ, ನಾನೇ ಹೆಡ್ ಆಫೀಸಿಗೆ ಕಳಿಸುತ್ತೇನೆ" ಎನ್ನುತ್ತಿದ್ದಾರೆ. ಈ ದಾರಿಯಲ್ಲಿ ಹೋಗಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಹೆಬ್ಬಾಳದ ಸಾಫ್ಟ್‌ವೇರ್ ಉದ್ಯೋಗಿ | 5 ಜನವರಿ

ಕಾರ್ಯದರ್ಶಿಯವರೇ, ಇದಕ್ಕೆ ಇಷ್ಟೊಂದು ಚಿಂತೆ ಬೇಕಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಮಿನ ಪ್ರಕಾರ, ಕಾನೂನು ಬರಹದಲ್ಲಿರಬೇಕು ಎನ್ನುವ ಕಡೆಯಲ್ಲೆಲ್ಲ ಎಲೆಕ್ಟ್ರಾನಿಕ್ ದಾಖಲೆಯೂ ಬರಹವೆಂದೇ ಲೆಕ್ಕ. ಆದ್ದರಿಂದ ಕಂಪನಿಯ ಅಧಿಕೃತ ಇಮೇಲಿಗೆ ಪತ್ರವನ್ನು ಪಿಡಿಎಫ್ ಮಾಡಿ ಕಳುಹಿಸಿದರೆ ಲಿಖಿತ ನೋಟಿಸ್ ಕೊಟ್ಟಂತೆಯೇ ಆಯಿತು. ಕಳುಹಿಸಿದ ಸಮಯ ಸೆಕೆಂಡಿನವರೆಗೂ ದಾಖಲಾಗಿರುತ್ತದೆ. ಅಂಚೆಗಿಂತ ಇದೇ ಗಟ್ಟಿ ಪುರಾವೆ ಎಂಬುದು ನನ್ನ ಅಭಿಪ್ರಾಯ.

ಮಂಡ್ಯದ ವಕೀಲೆ | 5 ಜನವರಿ

ಮೇಲಿನವರು ಹೇಳಿದ ಕಲಮು ಸರಿಯಾದದ್ದೇ, ಆದರೆ ಅದು ಅರ್ಧ ಪ್ರಶ್ನೆಗೆ ಮಾತ್ರ ಉತ್ತರ. ಇಮೇಲ್ ಬರಹವೇ ಹೌದು. ಇಲ್ಲಿ ಒಪ್ಪಂದ ಕೇಳುತ್ತಿರುವುದು ಬರಹವನ್ನಷ್ಟೇ ಅಲ್ಲ, ಅದನ್ನು ಕಳುಹಿಸುವ ಮಾರ್ಗ ಯಾವುದು, ಯಾವ ವಿಳಾಸಕ್ಕೆ ಎಂಬುದನ್ನೂ ಗೊತ್ತುಮಾಡಿದೆ. ಎರಡೂ ಕಡೆಯವರು ಸಹಿ ಹಾಕಿ ಒಪ್ಪಿಕೊಂಡ ಮಾರ್ಗವನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆ ಬದಲಿಸುವುದಿಲ್ಲ.

ಇಮೇಲ್ ಬಂದದ್ದನ್ನು ಎದುರು ಕಡೆಯವರೇ ಒಪ್ಪಿಕೊಂಡರೆ ಮಾರ್ಗದ ಲೋಪವನ್ನು ದೊಡ್ಡದು ಮಾಡಬಾರದೆಂದು ವಾದಿಸಲು ಅವಕಾಶವಿದೆ, ಅಂತಹ ವಾದ ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಷರತ್ತಿನಲ್ಲಿ "ಮಾತ್ರ" ಎಂಬ ಅರ್ಥ ಬರುತ್ತದೆಯೇ, ನೋಟಿಸ್ ಕೊಡದಿದ್ದರೆ ಪರಿಣಾಮವೇನೆಂದು ಹೇಳಿದೆಯೇ ಎಂಬುದರ ಮೇಲೆ ಅದು ನಿಲ್ಲುತ್ತದೆ. ಮೂರು ವರ್ಷದ ನಿರ್ವಹಣೆ ಹಣವನ್ನು ಇಂತಹ ವಾದದ ಮೇಲೆ ಪಣಕ್ಕಿಡಬೇಡಿ. ಇಮೇಲನ್ನೂ ಕಳುಹಿಸಿ, ವಾಟ್ಸಾಪನ್ನೂ ಹಾಕಿ, ಆದರೆ ಒಪ್ಪಂದ ಹೇಳಿದ ಮಾರ್ಗ ಬಿಡಬೇಡಿ. ಇನ್ನು ಸರ್ವಿಸ್ ಮ್ಯಾನೇಜರ್ ಕೊಟ್ಟ ಬಾಯಿಮಾತಿನ ಭರವಸೆಗೆ, ಕಂಪನಿಯ ಪರವಾಗಿ ಷರತ್ತನ್ನು ಸಡಿಲಿಸುವ ಅಧಿಕಾರ ಅವರಿಗಿದೆಯೆಂದು ತೋರಿಸಲಾಗದ ತನಕ, ಬೆಲೆಯಿಲ್ಲ.

ಈಗ ಎಲ್ಲಕ್ಕಿಂತ ಮೊದಲು ದಿನ ಎಣಿಸಿ. ನಿಮ್ಮ ಷರತ್ತಿನಲ್ಲಿ ನೋಟಿಸ್ ಜಾರಿಗೆ ಬರುವುದು ತಲುಪಿದ ದಿನದಿಂದ, ಅಂಚೆಗೆ ಹಾಕಿದ ದಿನದಿಂದ ಅಲ್ಲ. ಮಾರ್ಚ್ 31ರಿಂದ ಹಿಂದಕ್ಕೆ ಹೋದರೆ ಮಾರ್ಚ್‌ನ 31 ಮತ್ತು ಫೆಬ್ರವರಿಯ 28 ಸೇರಿ 59 ದಿನ. ಜನವರಿ 31ನ್ನು ಸೇರಿಸಿದರೆ 60. ಆದ್ದರಿಂದ ನೋಟಿಸ್ ಜನವರಿ 30ರಂದು ತಲುಪಿದರೆ ಅದಾದ ಮೇಲೆ ಪೂರ್ತಿ 60 ದಿನ ಸಿಗುತ್ತವೆ. ಆದರೆ ಅವಧಿ ಮುಗಿಯುವ ಮಾರ್ಚ್ 31ನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಎದುರು ಕಡೆಯವರು ತಕರಾರು ತೆಗೆದರೆ ಅದು ಜನವರಿ 29ಕ್ಕೆ ಸರಿಯುತ್ತದೆ. 29ನ್ನೇ ಕೊನೆಯ ದಿನವೆಂದು ಇಟ್ಟುಕೊಳ್ಳಿ. ಅದಕ್ಕೆ ಸ್ವಲ್ಪ ಮುಂಚೆ ನಾಲ್ಕನೇ ಶನಿವಾರ 24, ಭಾನುವಾರ 25, ಗಣರಾಜ್ಯೋತ್ಸವ 26 ಒಟ್ಟಿಗೆ ಬಂದಿವೆ. ಆ ಮೂರು ದಿನ ಕಂಪನಿಯ ಕಚೇರಿಗೆ ಬೀಗ ಇರುವ ಸಂಭವ ಹೆಚ್ಚು. ಆದ್ದರಿಂದ ಈ ವಾರವೇ ಹೊರಡಬೇಕು. ಹಿಂದಿರುಗಿ ಬಂದರೆ ಇನ್ನೊಮ್ಮೆ ಕಳುಹಿಸುವುದಕ್ಕೂ ಕಾಲ ಉಳಿದಿರಬೇಕಲ್ಲವೇ?

ನಿವೃತ್ತ ಪೋಸ್ಟ್‌ಮಾಸ್ಟರ್ | 5 ಜನವರಿ

ನಾನು ಮೈಸೂರು, ಶ್ರೀರಂಗಪಟ್ಟಣ, ಮದ್ದೂರು ಕಡೆಯ ಅಂಚೆ ಕಚೇರಿಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಕೌಂಟರಿನವರು ಹೇಳಿದ ಮಾತಿನಿಂದ ಕಾರ್ಯದರ್ಶಿಯವರು ಗಾಬರಿಯಾಗಬೇಕಿಲ್ಲ.

2025ರ ಸೆಪ್ಟೆಂಬರ್ 1ರಿಂದ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಲಾಗಿದೆ. ಹಾಗೆಂದ ಮಾತ್ರಕ್ಕೆ ನೋಂದಣಿ ಮಾಯವಾಗಿಲ್ಲ. 2025ರ ಅಕ್ಟೋಬರ್‌ನಿಂದ ಅದು ಸ್ಪೀಡ್ ಪೋಸ್ಟ್‌ಗೆ ಸೇರಿಸಿಕೊಳ್ಳಬಹುದಾದ ಹೆಚ್ಚುವರಿ ಸೇವೆಯಾಗಿದ್ದು, ಒಂದು ಲಕೋಟೆಗೆ 5 ರೂಪಾಯಿ ಮತ್ತು ಜಿಎಸ್‌ಟಿ ಬೀಳುತ್ತದೆ. ಬರೀ ಸ್ಪೀಡ್ ಪೋಸ್ಟ್ ವಿಳಾಸವನ್ನು ನೋಡಿ ಬಟವಾಡೆಯಾಗುವಂಥದ್ದು, ಆ ವಿಳಾಸದಲ್ಲಿದ್ದವರು ಯಾರಾದರೂ ತೆಗೆದುಕೊಳ್ಳಬಹುದು. ನೋಂದಣಿ ಸೇರಿಸಿದರೆ ಹೆಸರಿಸಿದ ವ್ಯಕ್ತಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಕೊಡಬೇಕಾಗುತ್ತದೆ. ನಿಮ್ಮ ಷರತ್ತಿಗೆ ಹತ್ತಿರವಾದದ್ದು ಇದೇ. ಆದ್ದರಿಂದ "ಸ್ಪೀಡ್ ಪೋಸ್ಟ್, ರಿಜಿಸ್ಟ್ರೇಷನ್ ಸೇರಿಸಿ, ತಲುಪಿದ ಪುರಾವೆಯೂ ಬೇಕು" ಎಂದು ಬುಕ್ ಮಾಡುವ ಮುನ್ನವೇ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಕ್ಯೂ ಉದ್ದವಿರುವಾಗ ಗುಮಾಸ್ತರು ಸಾದಾ ಸ್ಪೀಡ್ ಪೋಸ್ಟನ್ನೇ ಬುಕ್ ಮಾಡಿಬಿಡುತ್ತಾರೆ, ರಸೀದಿ ಕೈಗೆ ಬಂದ ಮೇಲೆ ಬದಲಿಸುವುದು ಕಷ್ಟ.

ಇದರ ಜೊತೆಗೆ ಒಟಿಪಿ ಹೇಳಿದರೆ ಮಾತ್ರ ಬಟವಾಡೆ ಮಾಡುವ ಸೇವೆಯೂ ಇದೆ. ಪಾಸ್‌ಪೋರ್ಟಿಗೋ ಬ್ಯಾಂಕ್ ಕಾರ್ಡಿಗೋ ಅದು ಒಳ್ಳೆಯದು. ನೋಟಿಸಿಗೆ ಅದನ್ನು ಸೇರಿಸಬೇಡಿ. ಬೇಡವಾದ ಕಾಗದ ಬಂದಿದೆಯೆಂದು ಗೊತ್ತಾದವರು ಒಟಿಪಿ ಹೇಳದೆ ಸುಮ್ಮನಿದ್ದರೆ ಬಟವಾಡೆಯೇ ಆಗುವುದಿಲ್ಲ, ಕೈಯಾರೆ ಅವರಿಗೊಂದು ನೆಪ ಒದಗಿಸಿದಂತಾಗುತ್ತದೆ.

ರಸೀದಿ ಕೈಗೆ ಬಂದೊಡನೆ ಕೌಂಟರಿನ ಮುಂದೆಯೇ ನಿಂತು ಓದಿ. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ `IN` ಎಂದಿರುವ 13 ಸ್ಥಾನಗಳ ಸಂಖ್ಯೆ ಲಕೋಟೆಯ ಮೇಲಿನ ಬಾರ್‌ಕೋಡಿನದಕ್ಕೆ ಹೊಂದುತ್ತದೆಯೇ, ಪಿನ್ ಕೋಡ್ ಸರಿಯೇ, ಕಂಪನಿಯ ಹೆಸರು ಗುರುತು ಸಿಗುವಂತಿದೆಯೇ ಎಂದು ನೋಡಬೇಕು. ಗುಮಾಸ್ತರು ಅವಸರದಲ್ಲಿ ಕಂಪನಿಯ ಹೆಸರಿನ ಬದಲು "ದಿ ಮ್ಯಾನೇಜರ್" ಎಂದಷ್ಟೇ ಟೈಪ್ ಮಾಡಿದ ರಸೀದಿಗಳನ್ನು ನಾನು ಬಹಳ ಕಂಡಿದ್ದೇನೆ. ಅಂತಹ ರಸೀದಿ ನಾಳೆ ಯಾರಿಗೆ ಕಳುಹಿಸಿದ್ದೆಂದು ಹೇಳಲಾರದು. ಆಗಲೇ ವಿನಯದಿಂದ ತಿದ್ದಿಸಿಕೊಳ್ಳಿ.

ಇನ್ನೊಂದು ಸಂಗತಿ. ಈ ರಸೀದಿ ಶಾಖಕ್ಕೆ ಅಕ್ಷರ ಮೂಡುವ ಕಾಗದ, ಬೀರುವಿನಲ್ಲಿಟ್ಟರೂ ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಅದೇ ದಿನ ಜೆರಾಕ್ಸ್ ಮಾಡಿಸಿ, ಮೂಲವನ್ನು ಜೊತೆಗೇ ಇಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಲೇಬೇಡಿ, ಆ ಬಿಸಿಗೆ ಇಡೀ ಕಾಗದ ಕಪ್ಪಾಗುತ್ತದೆ.

ಬೆಲ್ಲದ ವ್ಯಾಪಾರಿ, ಮಂಡ್ಯ | 6 ಜನವರಿ

ನಮ್ಮದೂ ಇಂಥದ್ದೇ ವಿಷಯ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಗೋದಾಮಿನ ಬಾಡಿಗೆದಾರರನ್ನು ಖಾಲಿ ಮಾಡಿಸಲು ನಾನು ನೋಟಿಸ್ ಕೊಡಬೇಕಾಗಿದೆ. ಬಾಡಿಗೆ ಕರಾರು ಮುಗಿದು ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತಿದೆ. ನಮ್ಮ ಪರಿಚಯದವರೊಬ್ಬರು, ಗೋದಾಮಿನ ಬಾಗಿಲಿಗೆ ನೋಟಿಸ್ ಅಂಟಿಸಿ ಫೋಟೋ ತೆಗೆದರೆ ಸಾಕು, ಅಂಚೆಯೇ ಬೇಡ ಎನ್ನುತ್ತಾರೆ. ಹಾಗಿದ್ದ ಮೇಲೆ ಕಾರ್ಯದರ್ಶಿಗಳೂ ಕಂಪನಿಯ ಮೈಸೂರು ಶಾಖೆಯ ಬಾಗಿಲಿಗೆ ಅಂಟಿಸಿ ಬರಬಹುದಲ್ಲವೇ?

ಮಂಡ್ಯದ ವಕೀಲೆ | 6 ಜನವರಿ

ಅಣ್ಣಾ, ನಿಮ್ಮ ವಿಷಯವೇ ಬೇರೆ, ಅವರ ವಿಷಯವೇ ಬೇರೆ. ತಿಂಗಳ ಬಾಡಿಗೆಯನ್ನು ಕೊನೆಗೊಳಿಸುವುದಕ್ಕೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮು 15 ದಿನದ ನೋಟಿಸ್ ಕೇಳುತ್ತದೆ. ಅದನ್ನು ಅಂಚೆಯಲ್ಲಿ ಕಳುಹಿಸಬಹುದು, ಖುದ್ದಾಗಿ ಕೊಡಬಹುದು, ಬಾಡಿಗೆದಾರರ ಮನೆಯಲ್ಲಿ ಅವರ ಕುಟುಂಬದವರಿಗೆ ಅಥವಾ ಆಳಿಗೆ ಕೊಡಬಹುದು, ಅದು ಸಾಧ್ಯವಾಗದಿದ್ದರೆ ಜಾಗದ ಎದ್ದುಕಾಣುವ ಭಾಗಕ್ಕೆ ಅಂಟಿಸಬಹುದು. ಅಂಟಿಸುವುದು ಕೊನೆಯ ದಾರಿ, ಮೊದಲನೆಯದಲ್ಲ. ನಿಮ್ಮ ಪರಿಚಯದವರು ಆ ಕ್ರಮವನ್ನು ಬಿಟ್ಟುಬಿಟ್ಟಿದ್ದಾರೆ. ನೀವೂ ಮೊದಲು ಅಂಚೆಯಲ್ಲೇ ಕಳುಹಿಸಿ.

ಆ ದಾರಿಗಳನ್ನೆಲ್ಲ ಕೊಟ್ಟಿರುವುದು ಕಾಯ್ದೆ. ಲಿಫ್ಟ್ ಒಪ್ಪಂದಕ್ಕೆ ಅಂತಹ ಕಾಯ್ದೆಯ ಆಸರೆಯಿಲ್ಲ, ಅಲ್ಲಿರುವುದು 19ನೇ ಷರತ್ತು ಮಾತ್ರ. ಈ ವ್ಯತ್ಯಾಸ ಇನ್ನೊಂದು ಕಡೆಯೂ ಮುಖ್ಯವಾಗುತ್ತದೆ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಕಲಮು, ಸರಿಯಾದ ವಿಳಾಸ ಬರೆದು, ಶುಲ್ಕ ಕಟ್ಟಿ, ರಿಜಿಸ್ಟರ್ಡ್ ಅಂಚೆಗೆ ಹಾಕಿದ ಪತ್ರವು ವಾಡಿಕೆಯ ಸಮಯದಲ್ಲಿ ತಲುಪಿದೆಯೆಂದೇ, ಹಾಗಲ್ಲವೆಂದು ಎದುರಿನವರು ತೋರಿಸುವ ತನಕ, ಭಾವಿಸಬೇಕೆನ್ನುತ್ತದೆ. ಆದರೆ ಅದು ಹುಟ್ಟಿದ್ದು ಕಾಯ್ದೆಗಳು ಕೇಳುವ ನೋಟಿಸಿಗಾಗಿ. ಚೆಕ್ ಬೌನ್ಸ್ ನೋಟಿಸ್ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2007ರ ಅಲವಿ ಹಾಜಿ ತೀರ್ಪಿನಲ್ಲಿ ಇದನ್ನೇ ಎತ್ತಿಹಿಡಿದದ್ದು. ಬರೀ ಒಪ್ಪಂದದಿಂದ ಹುಟ್ಟಿದ ನೋಟಿಸಿಗೆ ನಾವು ಹೆಚ್ಚಾಗಿ ಆತುಕೊಳ್ಳುವುದು ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಮನ್ನು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು 114 ಆಗಿತ್ತು. ಅಲ್ಲಿ ನ್ಯಾಯಾಲಯ ಹಾಗೆ ಊಹಿಸಬಹುದು ಎಂದಿದೆಯೇ ಹೊರತು ಊಹಿಸಲೇಬೇಕು ಎಂದಿಲ್ಲ. ಊಹೆಯ ಬಲ ಕಡಿಮೆಯಿರುವ ಕಡೆ ನಿಮ್ಮ ಕೈಯಲ್ಲಿರುವ ಕಾಗದವೇ ಹೆಚ್ಚು ಮಾತನಾಡಬೇಕಾಗುತ್ತದೆ. ಇಷ್ಟೆಲ್ಲ ಎಚ್ಚರ ಹೇಳುತ್ತಿರುವುದು ಅದಕ್ಕಾಗಿ.

ಹೂಟಗಳ್ಳಿಯ ಸಣ್ಣ ಉದ್ಯಮಿ | 6 ಜನವರಿ

ನಾನು ಯಂತ್ರದ ಬಿಡಿಭಾಗ ತಯಾರಿಸುವ ಘಟಕ ನಡೆಸುತ್ತಿದ್ದು, ಸರಬರಾಜು ಒಪ್ಪಂದಗಳ ನೋಟಿಸ್‌ಗಳನ್ನು ಆಗಾಗ ಕಳುಹಿಸುತ್ತಿರುತ್ತೇನೆ. ಅಂಚೆಗೆ ಹಾಕಿದ ಕ್ಷಣವೇ ನೋಟಿಸ್ ಪೂರ್ಣವಾಗುತ್ತದೆ ಎಂದು ನಮ್ಮ ಲೆಕ್ಕಿಗರು ಹೇಳುತ್ತಾರೆ, ಕರಾರು ಕಾಯ್ದೆಯ 4ನೇ ಕಲಮಿನಲ್ಲಿ ಹಾಗೇ ಇದೆಯಂತೆ. ಹಾಗಾಗಿ ಜನವರಿ 29ರಂದು ಕಳುಹಿಸಿದರೂ ನಡೆಯಬೇಕು.

ಅದಿರಲಿ, ನನ್ನ ಸಲಹೆ ಕೊರಿಯರ್ ಬಗ್ಗೆ. ಕೊರಿಯರ್ ಅಂಗಡಿಯವರು ಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ ಊರಿನ ಹೆಸರು, ತೂಕ, ಹಣ ಇಷ್ಟೇ ಇರುತ್ತದೆ. ಪೂರ್ತಿ ವಿಳಾಸವನ್ನು ಅದರ ಮೇಲೆ ಬರೆಸಿಕೊಳ್ಳಬೇಕು. ವೆಬ್‌ಸೈಟಿನಲ್ಲಿ "ಡೆಲಿವರ್ಡ್" ಎಂದು ಬಂದ ಮಾತ್ರಕ್ಕೆ ತೃಪ್ತರಾಗದೆ, ಪಡೆದವರ ಸಹಿ ಮತ್ತು ಮೊಹರು ಇರುವ ಬಟವಾಡೆ ಹಾಳೆಯ ಪ್ರತಿಯನ್ನು ಆ ವಾರದಲ್ಲೇ ಇಮೇಲ್ ಮೂಲಕ ಕೇಳಿ ತರಿಸಿಕೊಳ್ಳಿ. ಕೆಲವು ತಿಂಗಳು ಕಳೆದರೆ ಸಂಖ್ಯೆ ಹಾಕಿದರೂ ದಾಖಲೆ ಇಲ್ಲ ಎಂದು ಬರುತ್ತದೆ. ನಮ್ಮ ಗಿರಾಕಿ ಕಂಪನಿಯೊಂದು, ಹೆಸರು ಬೇಡ, ನಮ್ಮ ನೋಟಿಸ್ ಬಂದೇ ಇಲ್ಲ ಎಂದು ವಾದಿಸಿದಾಗ ಅವರದೇ ಸೆಕ್ಯುರಿಟಿಯ ಮೊಹರಿದ್ದ ಹಾಳೆ ನಮ್ಮ ಬಳಿ ಇದ್ದುದರಿಂದ ಆ ಮಾತು ಅಲ್ಲಿಗೇ ನಿಂತಿತು.

ಮಂಡ್ಯದ ವಕೀಲೆ | 6 ಜನವರಿ

ಕೊರಿಯರ್ ಬಗ್ಗೆ ತಾವು ಬರೆದದ್ದು ಅನುಭವದ ಮಾತು, ಎಲ್ಲರೂ ಗಮನಿಸಬೇಕು. ಆದರೆ ತಮ್ಮ ಲೆಕ್ಕಿಗರ ಮಾತು ಇಲ್ಲಿ ಹೊಂದುವುದಿಲ್ಲ. 4ನೇ ಕಲಮು ಹೇಳುವುದು ಪ್ರಸ್ತಾಪವನ್ನು ಒಪ್ಪಿಕೊಳ್ಳುವ ಪತ್ರದ ಬಗ್ಗೆ. ಒಪ್ಪಿಗೆಯ ಪತ್ರ ರವಾನೆಯಾದೊಡನೆ ಪ್ರಸ್ತಾಪ ಮಾಡಿದವರನ್ನು ಕಟ್ಟಿಹಾಕುತ್ತದೆ. ಒಪ್ಪಂದವನ್ನು ಮುಂದುವರಿಸುವುದಿಲ್ಲ ಎಂಬ ನೋಟಿಸಿಗೆ ಒಪ್ಪಂದದ ಷರತ್ತೇ ಅಳತೆ. ಷರತ್ತಿನಲ್ಲಿ "ಕಳುಹಿಸಿದ ದಿನ" ಎಂದಿದ್ದರೆ ನೀವು ಹೇಳಿದಂತೆ 29ರಂದು ಹಾಕಿದರೂ ಸಾಕಾಗುತ್ತಿತ್ತು. ಇಲ್ಲಿ "ತಲುಪಿದ ದಿನ" ಎಂದಿದೆ.

ವಿಜಯನಗರದ ಕಾರ್ಯದರ್ಶಿ | 6 ಜನವರಿ

ಎಲ್ಲರಿಗೂ ಕೃತಜ್ಞತೆಗಳು. ಈಗ ಇನ್ನೊಂದು ಸಂದೇಹ ಬಂದಿದೆ. ಒಪ್ಪಂದದಲ್ಲಿರುವುದು ಬೆಂಗಳೂರಿನ ಜಯನಗರದ ವಿಳಾಸ, ಆದರೆ ಈಚಿನ ಬಿಲ್ಲುಗಳಲ್ಲಿ ಪೀಣ್ಯದ ವಿಳಾಸವಿದೆ. ವಿಳಾಸ ಬದಲಾಗಿದೆಯೆಂದು ನಮಗೆ ಯಾರೂ ಪತ್ರ ಬರೆದಿಲ್ಲ. ಯಾವುದಕ್ಕೆ ಕಳುಹಿಸಲಿ? ಹಾಗೆಯೇ ಸಮಿತಿಯವರು ಸಿದ್ಧಪಡಿಸಿದ ಪತ್ರದ ಮುಖ್ಯ ಭಾಗವನ್ನು ಇಲ್ಲಿ ಹಾಕುತ್ತಿದ್ದೇನೆ, ದಯವಿಟ್ಟು ನೋಡಿ ಹೇಳಿ:

"ಕಳೆದ ಒಂದು ವರ್ಷದಿಂದ ತಮ್ಮ ಸೇವೆ ತೃಪ್ತಿಕರವಾಗಿಲ್ಲ. ಮಳೆಗಾಲದಲ್ಲಿ ಬಿ ಬ್ಲಾಕಿನ ಲಿಫ್ಟ್ ಪದೇ ಪದೇ ನಿಂತು ಹಿರಿಯರಿಗೆ ಬಹಳ ತೊಂದರೆಯಾಗಿದೆ. ಪರಿಸ್ಥಿತಿ ಸುಧಾರಿಸದಿದ್ದಲ್ಲಿ ಮುಂದಿನ ಅವಧಿಗೆ ತಮ್ಮೊಂದಿಗೆ ಮುಂದುವರಿಯುವುದು ಕಷ್ಟವಾಗುತ್ತದೆ ಎಂದು ತಿಳಿಸಲು ವಿಷಾದಿಸುತ್ತೇವೆ."

ಮಂಡ್ಯದ ವಕೀಲೆ | 6 ಜನವರಿ

ಈ ಪತ್ರ ದೂರು, ನೋಟಿಸ್ ಅಲ್ಲ. "ಸುಧಾರಿಸದಿದ್ದಲ್ಲಿ" ಎಂದ ಕೂಡಲೇ ನಿಮ್ಮ ತೀರ್ಮಾನ ಇನ್ನೂ ಆಗಿಲ್ಲವೆಂದು ಓದಿಕೊಳ್ಳಬಹುದು. ಕಂಪನಿಯವರು ಫೆಬ್ರವರಿಯಲ್ಲಿ ಒಬ್ಬ ಮೆಕ್ಯಾನಿಕ್ಕನ್ನು ಕಳುಹಿಸಿ ಎಣ್ಣೆ ಹಾಕಿಸಿ, ಪರಿಸ್ಥಿತಿ ಸುಧಾರಿಸಿದೆ, ಆದ್ದರಿಂದ ಒಪ್ಪಂದ ನವೀಕರಣವಾಗಿದೆ ಎಂದರೆ ಏನು ಹೇಳುತ್ತೀರಿ? ದೂರನ್ನೆಲ್ಲ ಬೇರೆ ಪತ್ರದಲ್ಲಿ ಬರೆಯಿರಿ. ನೋಟಿಸಿನಲ್ಲಿ ಇಷ್ಟು ಸಾಕು:

"ತಮ್ಮ ಮತ್ತು ನಮ್ಮ ಸಂಘದ ನಡುವಿನ, 31-3-2026ರಂದು ಮುಕ್ತಾಯವಾಗುವ ಲಿಫ್ಟ್ ನಿರ್ವಹಣೆ ಒಪ್ಪಂದದ 14ನೇ ಷರತ್ತಿನ ಅನ್ವಯ ಈ ನೋಟಿಸ್ ನೀಡುತ್ತಿದ್ದೇವೆ. ಸದರಿ ಒಪ್ಪಂದವನ್ನು ನವೀಕರಿಸಲು ಸಂಘಕ್ಕೆ ಇಚ್ಛೆಯಿಲ್ಲ. 31-3-2026ರ ನಂತರ ಅದು ಮುಂದುವರಿಯುವುದಿಲ್ಲ. ಈ ನೋಟಿಸನ್ನು 19ನೇ ಷರತ್ತಿನಂತೆ ರವಾನಿಸಲಾಗಿದೆ."

ಒಪ್ಪಂದದ ದಿನಾಂಕ ಮತ್ತು ಸಂಖ್ಯೆಯನ್ನು ಹಾಕಿ, ಸಭೆಯ ನಿರ್ಣಯದ ಪ್ರತಿಯನ್ನು ಲಗತ್ತಿಸಿ. ಒಪ್ಪಂದಕ್ಕೆ ಸಹಿ ಮಾಡಿದವರು ಹಿಂದಿನ ಅಧ್ಯಕ್ಷರಾದ್ದರಿಂದ, ಈಗ ಸಹಿ ಮಾಡುತ್ತಿರುವ ನಿಮಗೆ ಯಾರು ಅಧಿಕಾರ ಕೊಟ್ಟರೆಂಬ ಪ್ರಶ್ನೆಗೆ ಆ ನಿರ್ಣಯವೇ ಉತ್ತರ. ಒಪ್ಪಂದ ಇಂಗ್ಲಿಷಿನಲ್ಲಿದ್ದರೆ ನೋಟಿಸನ್ನೂ ಅದೇ ಭಾಷೆಯಲ್ಲಿ, ಷರತ್ತಿನ ಮಾತುಗಳನ್ನೇ ಬಳಸಿ ಬರೆಯುವುದು ಕ್ಷೇಮ.

ವಿಳಾಸದ ವಿಚಾರದಲ್ಲಿ ಜಯನಗರದ್ದನ್ನು ಬಿಡುವಂತೆಯೇ ಇಲ್ಲ. ವಿಳಾಸ ಬದಲಾದರೆ ಬರೆದು ತಿಳಿಸುವುದು ಅವರ ಹೊಣೆ. ಆದರೆ ಅಲ್ಲಿ ಈಗ ಯಾರೂ ಇಲ್ಲದಿದ್ದರೆ ಲಕೋಟೆ "ಬಿಟ್ಟು ಹೋಗಿದ್ದಾರೆ" ಎಂಬ ಷರಾದೊಂದಿಗೆ ಹಿಂದಿರುಗುತ್ತದೆ, ಅಂತಹ ಷರಾ ತಲುಪಿದೆಯೆಂದು ತೋರಿಸಲು ಸಹಾಯಕ್ಕೆ ಬರುವುದಿಲ್ಲ. ಆದ್ದರಿಂದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣ `mca.gov.in` ನಲ್ಲಿ ಕಂಪನಿಯ ಹೆಸರು ಹಾಕಿ, ಅವರ ನೋಂದಾಯಿತ ಕಚೇರಿ ಎಲ್ಲಿದೆ ನೋಡಿ. 2013ರ ಕಂಪನಿ ಕಾಯ್ದೆಯ 20ನೇ ಕಲಮು, ಕಂಪನಿಗೆ ಕಾಗದಪತ್ರ ತಲುಪಿಸುವ ಮಾರ್ಗಗಳಲ್ಲಿ ನೋಂದಾಯಿತ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್, ಸ್ಪೀಡ್ ಪೋಸ್ಟ್, ಕೊರಿಯರ್ ಮೂರನ್ನೂ ಹೆಸರಿಸಿದೆ. ಈಗಿನ ವಿಲೀನದ ಗೊಂದಲದಲ್ಲಿ ನಿಮಗೆ ಅದೊಂದು ಬೆಂಬಲ. ಎರಡೂ ವಿಳಾಸಕ್ಕೆ ಅಂಚೆಯಲ್ಲಿ ಒಂದೊಂದು, ಜಯನಗರಕ್ಕೆ ಹೆಚ್ಚಿಗೆ ಕೊರಿಯರಿನಲ್ಲಿ ಒಂದು ಕಳುಹಿಸಿ. ನಿಮ್ಮ ಷರತ್ತಿನಲ್ಲಿ ಕೊರಿಯರ್ ಹೆಸರಿಸಿದ ಮಾರ್ಗವೇ ಆಗಿರುವುದರಿಂದ, ಸ್ಪೀಡ್ ಪೋಸ್ಟ್ ರಿಜಿಸ್ಟರ್ಡ್ ಪೋಸ್ಟ್ ಅಲ್ಲ ಎಂಬ ತಕರಾರು ಬಂದರೂ ಕೊರಿಯರ್ ನಿಮ್ಮನ್ನು ಕಾಯುತ್ತದೆ.

ಹೆಬ್ಬಾಳದ ಸಾಫ್ಟ್‌ವೇರ್ ಉದ್ಯೋಗಿ | 7 ಜನವರಿ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ನನ್ನ ಮೂಲ ಪ್ರಶ್ನೆ ಉಳಿದಿದೆ. ಅಂಚೆಯ ರಸೀದಿ ಒಂದು ಲಕೋಟೆ ಹೋಯಿತೆಂದು ತೋರಿಸುತ್ತದೆಯೇ ಹೊರತು ಅದರೊಳಗೆ ನೋಟಿಸೇ ಇತ್ತೆಂದು ತೋರಿಸುವುದಿಲ್ಲ. ನಮಗೆ ಬಂದದ್ದು ಖಾಲಿ ಲಕೋಟೆ, ಇಲ್ಲವೇ ದೀಪಾವಳಿ ಶುಭಾಶಯ ಪತ್ರ ಎಂದು ಅವರು ಹೇಳಿದರೆ?

ನಿವೃತ್ತ ಪೋಸ್ಟ್‌ಮಾಸ್ಟರ್ | 7 ಜನವರಿ

ಬಹಳ ಒಳ್ಳೆಯ ಪ್ರಶ್ನೆ, ಅಂಚೆ ಇಲಾಖೆ ಲಕೋಟೆಯೊಳಗಿನದಕ್ಕೆ ಸಾಕ್ಷಿಯಾಗುವುದಿಲ್ಲ ಎಂಬುದು ನಿಜ. ಆದರೆ ಸುತ್ತಲಿನ ಗುರುತುಗಳನ್ನು ಒಂದಕ್ಕೊಂದು ಹೊಂದುವಂತೆ ಮಾಡಿಕೊಳ್ಳಲು ಸಾಧ್ಯವಿದೆ.

ನೋಟಿಸ್ ಹಾಳೆಯ ಮೇಲ್ಭಾಗದಲ್ಲಿ ಸಂಘದ ರವಾನೆ ವಹಿಯ ಸಂಖ್ಯೆ ಮತ್ತು ದಿನಾಂಕ ಹಾಕಿ. ಅದೇ ಸಂಖ್ಯೆಯನ್ನು, "ಒಪ್ಪಂದ ನವೀಕರಿಸದಿರುವ ಬಗ್ಗೆ ನೋಟಿಸ್" ಎಂಬ ಸಾಲಿನೊಂದಿಗೆ, ಲಕೋಟೆಯ ಹೊರಮೈಯಲ್ಲೂ ಸ್ವೀಕೃತಿ ಪತ್ರವಿದ್ದರೆ ಅದರ ಮೇಲೂ ಬರೆಯಿರಿ. ಸಹಿ ಮಾಡಿ ಲಕೋಟೆ ಪಡೆದವರು, ಹೊರಗೆ ನೋಟಿಸ್ ಎಂದು ಬರೆದಿದ್ದ ಲಕೋಟೆ ಖಾಲಿಯಿತ್ತೆಂದರೆ, ಆಗಲೇ ಯಾಕೆ ಪತ್ರ ಬರೆದು ಕೇಳಲಿಲ್ಲವೆಂಬ ಪ್ರಶ್ನೆ ಅವರಿಗೇ ಬರುತ್ತದೆ.

ತೂಕವನ್ನೂ ಉಪೇಕ್ಷಿಸಬೇಡಿ. ಸಾಮಾನ್ಯವಾದ 80 ಜಿಎಸ್‌ಎಂನ ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ನೋಟಿಸ್ ಎರಡು ಹಾಳೆ, ನಿರ್ಣಯ ಒಂದು ಹಾಳೆ ಸೇರಿ 15 ಗ್ರಾಂ, ಅದರ ಮೇಲೆ ಲಕೋಟೆಯ ತೂಕ. ರಸೀದಿಯಲ್ಲಿ ಅಚ್ಚಾದ ತೂಕ ಅದಕ್ಕೆ ಹೊಂದಿಕೆಯಾಗಿದ್ದರೆ ಖಾಲಿ ಲಕೋಟೆಯ ಮಾತು ನಿಲ್ಲುವುದಿಲ್ಲ. ಶುಭಾಶಯ ಪತ್ರದ ಮಾತಿಗೆ ಅದು ಉತ್ತರವಲ್ಲ, ಒಪ್ಪುತ್ತೇನೆ. ಅದಕ್ಕೆ ಲಕೋಟೆಗೆ ಹಾಕಿ ಅಂಟಿಸುವಾಗ ಸಮಿತಿಯ ಇನ್ನೊಬ್ಬ ಸದಸ್ಯರು ಜೊತೆಗಿದ್ದು, ಕಚೇರಿ ಪ್ರತಿಯ ಮೇಲೆ "ಇದರ ಮೂಲವನ್ನು ನನ್ನ ಎದುರಿನಲ್ಲಿ ಲಕೋಟೆಗೆ ಹಾಕಲಾಯಿತು" ಎಂದು ಬರೆದು ಸಹಿ ಮಾಡುವುದು ಹಳೆಯ ಪದ್ಧತಿ. ಇಮೇಲಿನಲ್ಲೂ ಅದೇ ನೋಟಿಸನ್ನು ಅಂಚೆಯ ಸಂಖ್ಯೆ ಉಲ್ಲೇಖಿಸಿ ಕಳುಹಿಸಿದರೆ ತಮ್ಮ ಸಲಹೆಗೂ ಅಲ್ಲಿ ಒಳ್ಳೆಯ ಸ್ಥಾನ ಸಿಗುತ್ತದೆ.

ಕೊನೆಯದಾಗಿ, ಲಕೋಟೆ ಹಿಂದಿರುಗಿ ಬಂದರೆ ಯಾವ ಕಾರಣಕ್ಕೂ ಒಡೆಯಬೇಡಿ. ಪೋಸ್ಟ್‌ಮ್ಯಾನ್ ಬರೆದ ಷರಾ, ಹೋದ ದಿನಾಂಕಗಳು, ಮೊಹರುಗಳು ಎಲ್ಲ ಅದರ ಮೈಮೇಲೇ ಇರುತ್ತವೆ. "ನಿರಾಕರಿಸಿದ್ದಾರೆ" ಎಂಬ ಷರಾ ನಿಮಗೆ ಅನುಕೂಲವಾದದ್ದು. ಒಳಗೇನಿತ್ತೆಂಬ ಪ್ರಶ್ನೆಗೂ ನ್ಯಾಯಾಧೀಶರ ಮುಂದೆ ಒಡೆಯುವ ಆ ಲಕೋಟೆಯೇ ಉತ್ತರ ಕೊಡುತ್ತದೆ.

ವಿಜಯನಗರದ ಕಾರ್ಯದರ್ಶಿ | 19 ಜನವರಿ

ಎಲ್ಲ ಹಿರಿಯರ ಮಾತಿನಂತೆ ನಡೆದುಕೊಂಡೆವು. ಸಚಿವಾಲಯದ ಜಾಲತಾಣದಲ್ಲಿ ನೋಂದಾಯಿತ ಕಚೇರಿ ಪೀಣ್ಯದ್ದೇ ಎಂದಿತ್ತು. ಜನವರಿ 8ರಂದು ಎರಡೂ ವಿಳಾಸಕ್ಕೆ ನೋಂದಣಿ ಸೇರಿಸಿದ ಸ್ಪೀಡ್ ಪೋಸ್ಟ್, ಜಯನಗರಕ್ಕೆ ಕೊರಿಯರ್ ಹೊರಟವು. ಪೀಣ್ಯದ್ದು 10ರಂದು ತಲುಪಿದೆ. ಬಟವಾಡೆ ಪುರಾವೆಯಲ್ಲಿ ಕಂಪನಿಯ ದುಂಡು ಮೊಹರು ಇದೆ, ಸಹಿ ಇದೆ, ಆದರೆ ಸಹಿ ಮಾಡಿದವರ ಹೆಸರಿಲ್ಲ. ಜಯನಗರದ ಅಂಚೆ "ಬಿಟ್ಟು ಹೋಗಿದ್ದಾರೆ" ಎಂದು ಹಿಂದಿರುಗಿದೆ, ಅದನ್ನು ಒಡೆಯದೆ ಇಟ್ಟಿದ್ದೇವೆ. ಜಯನಗರದ ಕೊರಿಯರ್ ಮಾತ್ರ ಆಶ್ಚರ್ಯವೆಂಬಂತೆ "ಡೆಲಿವರ್ಡ್" ಎಂದು ತೋರಿಸುತ್ತಿದೆ, ಹಾಳೆಯ ಪ್ರತಿ ಕೇಳಿದ್ದೇವೆ, ಇನ್ನೂ ಬಂದಿಲ್ಲ.

ನಿನ್ನೆ ಕಂಪನಿಯಿಂದ ಇಮೇಲ್ ಬಂದಿತು. "ತಮ್ಮ ಪತ್ರವು 19ನೇ ಷರತ್ತಿನಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ವಿಧಾನದಲ್ಲಿ ಬಂದಿಲ್ಲವಾದ್ದರಿಂದ ಪರಿಗಣಿಸಲಾಗದು" ಎಂದಿದ್ದಾರೆ. ಈಗ ಏನು ಮಾಡಬೇಕು?

ಹೂಟಗಳ್ಳಿಯ ಸಣ್ಣ ಉದ್ಯಮಿ | 19 ಜನವರಿ

ಖಾಲಿಯಾದ ಕಚೇರಿಗೆ ಕೊರಿಯರ್ ತಲುಪಿದೆ ಎಂದರೆ ಪಕ್ಕದ ಅಂಗಡಿಗೆ ಕೊಟ್ಟು ಬಂದಿರುವ ಸಾಧ್ಯತೆ ಇದೆ. ಹಾಳೆ ಬರುವ ತನಕ ಅದರ ಮೇಲೆ ಭರವಸೆ ಇಡಬೇಡಿ. ಇನ್ನೂ ಹತ್ತು ದಿನ ಇದೆಯಲ್ಲ, ಪೀಣ್ಯಕ್ಕೆ ಕೊರಿಯರಿನಲ್ಲೂ ಒಂದು ಕಳುಹಿಸಿ, ಈ ಸಲ ಬಟವಾಡೆ ಹಾಳೆಯಲ್ಲಿ ಹೆಸರು ಬರೆಸಿಕೊಳ್ಳಬೇಕೆಂದು ಬುಕ್ ಮಾಡುವಾಗಲೇ ಹೇಳಿ.

ಮಂಡ್ಯದ ವಕೀಲೆ | 19 ಜನವರಿ

ಅದನ್ನು ನಾಳೆಯೇ ಮಾಡಿ, ಗಣರಾಜ್ಯೋತ್ಸವದ ರಜೆಗಳಿಗೆ ಮುಂಚೆ ತಲುಪಲಿ. ಈ ಬಾರಿಯ ಪತ್ರದಲ್ಲಿ "ಹಿಂದಿನ ನೋಟಿಸಿಗೆ ಬಾಧಕವಿಲ್ಲದಂತೆ, ಹೆಚ್ಚಿನ ಎಚ್ಚರಿಕೆಗಾಗಿ" ಎಂದು ಸೇರಿಸಿ. ಇಲ್ಲವಾದರೆ ಮೊದಲನೆಯದು ಸರಿಯಿರಲಿಲ್ಲವೆಂದು ನೀವೇ ಒಪ್ಪಿದಂತೆ ಓದಬಹುದು.

ಅವರ ಇಮೇಲ್ ನಿಮಗೆ ಉಪಕಾರವನ್ನೇ ಮಾಡಿದೆ, ಜೋಪಾನವಾಗಿಡಿ. ಪತ್ರ ತಮ್ಮ ಕೈ ಸೇರಿದೆ, ಅದರಲ್ಲಿ ಏನಿದೆ ಎಂಬುದು ಗೊತ್ತಾಗಿದೆ ಎಂಬುದನ್ನು ಜನವರಿ 29ಕ್ಕೆ ಮುಂಚೆಯೇ ಅವರು ಬರಹದಲ್ಲಿ ಒಪ್ಪಿಕೊಂಡಿದ್ದಾರೆ. ಇನ್ನು ಖಾಲಿ ಲಕೋಟೆಯ ಮಾತು, ಹೆಸರಿಲ್ಲದ ಸಹಿಯ ಮಾತು ಎರಡೂ ಬರುವಂತಿಲ್ಲ. ಉಳಿಯುವುದು ವಿಳಾಸ ಮತ್ತು ವಿಧಾನದ ತಕರಾರು. ತಾವೇ ಬಿಟ್ಟುಹೋದ ವಿಳಾಸವನ್ನು ಹಿಡಿದು ಕೂರುವುದಕ್ಕೆ ನ್ಯಾಯಾಲಯ ಹೆಚ್ಚು ಮನ್ನಣೆ ಕೊಡಲಾರದೆಂದು ನನ್ನ ನಂಬಿಕೆ. ನೋಂದಣಿ ಸಹಿತ ಸ್ಪೀಡ್ ಪೋಸ್ಟನ್ನು ಹಳೆಯ ಒಪ್ಪಂದದ ರಿಜಿಸ್ಟರ್ಡ್ ಪೋಸ್ಟ್ ಎಂದೇ ಓದಬೇಕೆಂದು ನಾನು ಬಲವಾಗಿ ವಾದಿಸುತ್ತೇನೆ, ಆದರೆ ವಿಲೀನವಾಗಿ ಇನ್ನೂ ಕೆಲವೇ ತಿಂಗಳಾಗಿರುವಾಗ ಅದು ಇತ್ಯರ್ಥವಾದ ಮಾತೆಂದು ನಿಮಗೆ ಬರೆದುಕೊಡಲಾರೆ.

ಅಂಚೆಯ ಜಾಲತಾಣದಲ್ಲಿ ಬಟವಾಡೆಯ ವಿವರ ಕಾಣಿಸುತ್ತಿರುವಾಗಲೇ ಮುದ್ರಿಸಿಟ್ಟುಕೊಳ್ಳಿ. ಮುದ್ರಿಸಿದವರು ಯಾರು, ಯಾವ ಕಂಪ್ಯೂಟರಿನಿಂದ, ಯಾವ ದಿನ ಎಂಬುದನ್ನು ಹಿಂಬದಿಯಲ್ಲಿ ಬರೆದಿಡಿ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡಬೇಕಾಗಿ ಬಂದರೆ ಅದು ಬೇಕಾಗುತ್ತದೆ.

ಬೆಲ್ಲದ ವ್ಯಾಪಾರಿ, ಮಂಡ್ಯ | 20 ಜನವರಿ

ನಾನೂ ಅಂಚೆಯಲ್ಲೇ ಕಳುಹಿಸಿದೆ ಮೇಡಂ, ರಿಜಿಸ್ಟ್ರೇಷನ್ ಕೇಳಿ ಹಾಕಿಸಿದೆ. ಬಾಡಿಗೆದಾರರು ಗೋದಾಮಿನಲ್ಲಿ ಇಲ್ಲದಾಗ ಅವರ ಹಮಾಲಿಯೊಬ್ಬರು ಸಹಿ ಮಾಡಿ ತೆಗೆದುಕೊಂಡಿದ್ದಾರೆಂದು ಪೋಸ್ಟ್‌ಮ್ಯಾನ್ ಹೇಳಿದರು. ಅದು ನಡೆಯುತ್ತದೆಯೇ?

ನಿವೃತ್ತ ಪೋಸ್ಟ್‌ಮಾಸ್ಟರ್ | 20 ಜನವರಿ

ನೋಂದಣಿಯಿದ್ದ ಮೇಲೆ ಹಮಾಲಿಗೆ ಕೊಡಬೇಕಾದರೆ ಬಾಡಿಗೆದಾರರು ಬರೆದುಕೊಟ್ಟ ಅಧಿಕಾರ ಪತ್ರ ಇರಬೇಕಿತ್ತು. ಅಂಗಡಿಯವರು ಅಂತಹ ಪತ್ರವನ್ನು ಬಟವಾಡೆ ಕಚೇರಿಗೆ ಮೊದಲೇ ಕೊಟ್ಟಿರುವುದುಂಟು. ಮಂಡ್ಯ ಪ್ರಧಾನ ಅಂಚೆ ಕಚೇರಿಗೆ ರಸೀದಿಯೊಂದಿಗೆ ಹೋಗಿ, ಯಾರಿಗೆ ಯಾವ ಆಧಾರದ ಮೇಲೆ ಬಟವಾಡೆಯಾಯಿತೆಂದು ಲಿಖಿತವಾಗಿ ಕೇಳಿ. ಉತ್ತರ ಏನು ಬಂದಿತೆಂದು ಇಲ್ಲಿ ತಿಳಿಸಿ, ಅದರ ಮೇಲೆ ವಕೀಲರು ಹೇಳುತ್ತಾರೆ.